36 ಮಕ್ಕಳಿಗೆ 4 ಫೋನು: ರಸಪ್ರಶ್ನೆ ಆಟದ ಲಾಭ-ನಷ್ಟ

ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯ ಏಳನೇ ತರಗತಿ ಎಂದು ಇಟ್ಟುಕೊಳ್ಳಿ. ಮಕ್ಕಳು 36. ಫೋನು 4: ಎರಡು ಶಿಕ್ಷಕರ ಸ್ವಂತದ್ದು, ಉಳಿದೆರಡು ಯಾರೋ ದಾನಿಗಳು ಕೊಟ್ಟ ಹಳೆಯವು. ಇಂಟರ್ನೆಟ್ ಅಂದರೆ ಗಣಿತದ ಮೇಷ್ಟ್ರ ಸಿಮ್ಮಿಗೆ ದಿನಕ್ಕೆ ಸಿಗುವ 1.5 ಜಿಬಿ. ಅದರಲ್ಲೇ ಅವರ ಮನೆಯ ಬಳಕೆ, ಇಲಾಖೆಯ ಆನ್‌ಲೈನ್ ಮಾಹಿತಿ ತುಂಬುವ ಕೆಲಸ ಎರಡೂ ನಡೆಯಬೇಕು. ಇಷ್ಟನ್ನು ಇಟ್ಟುಕೊಂಡು ತರಗತಿಯಲ್ಲಿ ಫೋನಿನ ಕ್ವಿಜ್ ಆಡಿಸುವುದು ಸರಿಯೋ, ಅದರ ಬದಲು ಕರಿಹಲಗೆಯ ಮೇಲೆ ನಾಲ್ಕು ಲೆಕ್ಕ ಹೆಚ್ಚು ಮಾಡಿಸುವುದು ಸರಿಯೋ?

ಶಿಕ್ಷಕರ ತರಬೇತಿಗಳಲ್ಲಿ ಇದಕ್ಕೆ ಎರಡು ಬಗೆಯ ಉತ್ತರ ಕೇಳಿಬರುತ್ತದೆ. ‘ಮಕ್ಕಳು ಫೋನ್ ಕಂಡರೆ ಸಾಕು, ಕುಣಿದು ಕಲಿಯುತ್ತಾರೆ’ ಅನ್ನುವವರು ಒಂದು ಕಡೆ. ‘ಇದೆಲ್ಲ ಬರೀ ಶೋಕಿ, ಪೀರಿಯಡ್ ಹಾಳು’ ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ನಿಜವಿದೆ. ಆದರೆ ಇಬ್ಬರೂ ಫೋನನ್ನು ನೋಡುತ್ತಾರೆಯೇ ಹೊರತು ಅದನ್ನು ಒತ್ತುವ ಬೆರಳನ್ನು ನೋಡುವುದಿಲ್ಲ. ಹಂಚಿಕೊಂಡ ಫೋನಿನ ವಿಷಯದಲ್ಲಿ ತೀರ್ಮಾನ ಆಗುವುದು ಆ ಬೆರಳಿನ ಮೇಲೆ.

ಪರವಾಗಿ ಹೇಳಬೇಕಾದದ್ದು

ಮೊದಲಿಗೆ, ಪ್ರಶ್ನೆ ಕೇಳುವುದು ಪರೀಕ್ಷೆ ಮಾಡುವುದಕ್ಕೆ ಮಾತ್ರವಲ್ಲ, ಕಲಿಸುವುದಕ್ಕೂ ಒಂದು ದಾರಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠವನ್ನು ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೊಮ್ಮೆ ಓದಿದರು. ಉಳಿದವರು ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆದರು. ಐದು ನಿಮಿಷದ ಬಳಿಕ ನೋಡಿದರೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಕಳೆದ ಮೇಲೆ ಲೆಕ್ಕ ತಿರುಗಿತ್ತು: ನೆನಪು ಮಾಡಿಕೊಂಡು ಬರೆದವರಿಗೆ ಶೇ 56ರಷ್ಟು ನೆನಪಿತ್ತು, ಮತ್ತೆ ಓದಿದವರಿಗೆ ಶೇ 42ರಷ್ಟು. ತಲೆಯೊಳಗಿಂದ ಹುಡುಕಿ ತೆಗೆಯುವ ಶ್ರಮವೇ ನೆನಪನ್ನು ಗಟ್ಟಿ ಮಾಡುತ್ತದೆ. ಕ್ವಿಜ್ ಮಾಡಿಸುವುದೂ ಆ ಶ್ರಮವನ್ನೇ.

ಎರಡನೆಯದು ಶಿಕ್ಷಕರಿಗೆ ಸಿಗುವ ಲಾಭ. ‘ಅರ್ಥ ಆಯ್ತಾ?’ ಎಂದರೆ ಇಡೀ ತರಗತಿ ‘ಆಯ್ತು ಸಾರ್’ ಅನ್ನುತ್ತದೆ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವುದು ಅದೇ ಮುಂದಿನ ಬೆಂಚಿನ ಐದಾರು ಮಕ್ಕಳು. ಉಳಿದ ಮೂವತ್ತು ಮಕ್ಕಳ ತಲೆಯಲ್ಲಿ ಏನಿದೆ ಎಂಬುದು ಕಿರುಪರೀಕ್ಷೆಯ ಹಾಳೆ ತಿದ್ದುವವರೆಗೂ ಗೊತ್ತಾಗುವುದಿಲ್ಲ. ತಿದ್ದಿ ಮುಗಿಯುವ ಹೊತ್ತಿಗೆ ಪಾಠ ಮುಂದೆ ಹೋಗಿರುತ್ತದೆ. ಕ್ವಿಜ್ ಆ್ಯಪ್ ಯಾವ ಉತ್ತರಕ್ಕೆ ಎಷ್ಟು ಜನ ಹೋದರು ಎಂಬುದನ್ನು ಆ ಕ್ಷಣದಲ್ಲೇ ಪಟ್ಟಿ ಹಾಕಿ ಕೊಡುತ್ತದೆ. ಪಾಠ ತಿದ್ದಿಕೊಳ್ಳಲು ಇನ್ನೂ ಅವಕಾಶ ಇರುವಾಗಲೇ ಸಿಗುವ ಮಾಹಿತಿ ಅದು.

ಮೂರನೆಯ ವಾದ ತುಸು ವಿಚಿತ್ರ ಅನ್ನಿಸಬಹುದು: ಫೋನ್ ಕಡಿಮೆ ಇರುವುದೇ ಒಳ್ಳೆಯದು. ಒಬ್ಬೊಬ್ಬರಿಗೆ ಒಂದೊಂದು ಫೋನ್ ಕೊಟ್ಟರೆ ತಲೆ ತಗ್ಗಿಸಿ ಕೂರುತ್ತಾರೆ. ನಾಲ್ವರಿಗೆ ಒಂದು ಕೊಟ್ಟರೆ ಮಾತಾಡಲೇಬೇಕು. ಹಾರ್ವರ್ಡ್‌ನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ರೂಢಿಗೆ ತಂದ ಪದ್ಧತಿಯ ತಿರುಳು ಈ ಮಾತುಕತೆಯೇ. ಮೊದಲು ಪ್ರತಿಯೊಬ್ಬರೂ ತಮ್ಮ ಪಾಡಿಗೆ ಉತ್ತರ ಆರಿಸಬೇಕು. ಆಮೇಲೆ ಪಕ್ಕದವರಿಗೆ ತಮ್ಮ ಉತ್ತರವೇ ಸರಿ ಎಂದು ಮನವರಿಕೆ ಮಾಡಲು ನೋಡಬೇಕು. ನಂತರ ಮತ್ತೊಮ್ಮೆ ಮತ. ಸುಮಾರು ಶೇ 30ರಿಂದ 70ರಷ್ಟು ಮಂದಿ ಸರಿ ಉತ್ತರ ಹೇಳಿದ ಪ್ರಶ್ನೆಗಳಲ್ಲಿ ಈ ಚರ್ಚೆ ಹೆಚ್ಚು ಫಲ ಕೊಡುತ್ತದೆ. ಎಲ್ಲರಿಗೂ ಗೊತ್ತಿದ್ದರೆ ಚರ್ಚಿಸಲು ಏನೂ ಇಲ್ಲ. ಯಾರಿಗೂ ಗೊತ್ತಿಲ್ಲದಿದ್ದರೆ ಕುರುಡರಿಗೆ ಕುರುಡರು ದಾರಿ ತೋರಿಸಿದಂತೆ.

ಮೌಸ್ ಯಾರ ಕೈಯಲ್ಲಿ?

ಹಾಗಾದರೆ ಹಂಚಿಕೊಂಡ ಫೋನು ತಂತಾನೇ ಚರ್ಚೆ ಹುಟ್ಟಿಸುತ್ತದೆಯೇ? ಇಲ್ಲಿಂದ ವಿರೋಧಿಗಳ ವಾದ ಶುರು. ಇದಕ್ಕೆ ಬೇಕಾದ ಒಳ್ಳೆಯ ಸಾಕ್ಷ್ಯ ಬೆಂಗಳೂರಿನಲ್ಲೇ ಇದೆ, ಅದೂ ಸ್ಮಾರ್ಟ್‌ಫೋನ್ ಬರುವುದಕ್ಕೆ ಮುಂಚಿನದು.

2000ದ ದಶಕದ ನಡುವೆ ಹಳ್ಳಿ ಶಾಲೆಗಳಿಗೆ ಒಂದೆರಡು ಕಂಪ್ಯೂಟರ್ ಬರತೊಡಗಿದಾಗ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಸಂಶೋಧಕರು ಒಂದು ಸಂಗತಿ ಗಮನಿಸಿದರು. ಕಂಪ್ಯೂಟರಿನ ಸುತ್ತ ಮಕ್ಕಳು ಗುಂಪುಗೂಡಿರುತ್ತಿದ್ದರು, ಮೌಸ್ ಮಾತ್ರ ಒಬ್ಬನದೇ ಕೈಯಲ್ಲಿ. ಉಳಿದವರು ನೋಡುಗರು. ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್, ಕೆಂಟಾರೊ ತೊಯಾಮ ಮತ್ತು ಸಂಗಡಿಗರು ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿದರು. ತೆರೆಯ ಮೇಲೆ ಪ್ರತಿ ಮಗುವಿಗೂ ತನ್ನದೇ ಒಂದು ಬಾಣದ ಗುರುತು ಬಂತು. 2007ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಗ್ರಾಮೀಣ ಭಾರತದ ಬಡ ಮನೆಗಳ 238 ಮಕ್ಕಳು ಇಂಗ್ಲಿಷ್ ಪದಗಳನ್ನು ಕಲಿತರು. ಕೆಲವರು ಒಬ್ಬೊಬ್ಬರೇ ಕೂತರು, ಕೆಲವರು ಗುಂಪಾಗಿ ಒಂದೇ ಮೌಸ್ ಹಂಚಿಕೊಂಡರು, ಮತ್ತೆ ಕೆಲವರು ಐದೈದು ಜನ ಐದು ಮೌಸ್ ಹಿಡಿದರು.

ಫಲಿತಾಂಶದಲ್ಲಿ ಎರಡೂ ಪಕ್ಷಕ್ಕೆ ಬೇಕಾದದ್ದು ಇತ್ತು. ಐದು ಮಕ್ಕಳು ಐದು ಮೌಸ್ ಹಿಡಿದಾಗ, ಒಟ್ಟಾರೆ ನೋಡಿದರೆ, ಒಬ್ಬನೇ ಕಂಪ್ಯೂಟರ್ ಮುಂದೆ ಕೂತಷ್ಟೇ ಕಲಿತರು. ಅಂದರೆ ಯಂತ್ರ ಹಂಚಿಕೊಂಡರೆ ಕಲಿಕೆ ಕುಸಿಯಲೇಬೇಕು ಎಂದೇನಿಲ್ಲ. ಆದರೆ ಆಟದ ನಿಯಮ ಹೇಗಿದೆ ಎಂಬುದು ಬಹಳ ಮುಖ್ಯವಾಯಿತು. ಐದು ಮೌಸ್‌ಗಳ ಆಟಕ್ಕೆ ಎರಡು ರೂಪ ಇದ್ದವು. ಒಂದು ಮಕ್ಕಳ ನಡುವೆ ಪೈಪೋಟಿ ಹಚ್ಚುವಂಥದ್ದು, ಇನ್ನೊಂದು ಕೂಡಿ ಆಡುವಂತೆ ಮಾಡುವಂಥದ್ದು. ಇಷ್ಟು ಸಣ್ಣ ಬದಲಾವಣೆಗೇ ಮಕ್ಕಳ ನಡವಳಿಕೆಯಲ್ಲೂ ಕಲಿಕೆಯಲ್ಲೂ ಎದ್ದು ಕಾಣುವ ವ್ಯತ್ಯಾಸ ಬಂತು. ಹುಡುಗಿಯರು ಎಲ್ಲ ಏರ್ಪಾಡಿನಲ್ಲೂ ಹೆಚ್ಚುಕಡಿಮೆ ಒಂದೇ ಸಮ ಕಲಿತರು. ಹುಡುಗರ ಕಲಿಕೆ ಮಾತ್ರ ಏರ್ಪಾಡು ಬದಲಾದಂತೆ ಬದಲಾಯಿತು.

ಕೈಗೆ ಬರುವ ಫೋನು ಐದು ಮೌಸ್ ಇರುವ ಕಂಪ್ಯೂಟರ್ ಅಲ್ಲ, ಒಂದು ಮೌಸ್ ಇರುವ ಕಂಪ್ಯೂಟರ್ ಎಂಬುದನ್ನು ಮರೆಯಬಾರದು. ತೆರೆ ಅಂಗೈ ಅಗಲ. ಒಂಬತ್ತು ಮಕ್ಕಳು ಸುತ್ತುವರಿದರೆ ನಾಲ್ವರಿಗೆ ಪ್ರಶ್ನೆ ಓದಲು ಸಿಗುತ್ತದೆ, ಇಬ್ಬರಿಗೆ ಅದು ತಲೆಕೆಳಗಾಗಿ ಕಾಣುತ್ತದೆ, ಉಳಿದವರಿಗೆ ಮುಂದಿನವರ ತಲೆ ಮಾತ್ರ. ಫೋನು ಸಹಜವಾಗಿ ಮನೆಯಲ್ಲಿ ಅದನ್ನು ಆಡಿಸಿ ಅಭ್ಯಾಸವಿರುವ ಮಗುವಿನ ಕೈಗೆ ಹೋಗುತ್ತದೆ. ಆ ಅಭ್ಯಾಸ ಎಲ್ಲರಿಗೂ ಸಮನಾಗಿಲ್ಲ. ಅಸರ್ 2024ರ ಗ್ರಾಮೀಣ ಸಮೀಕ್ಷೆಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಲು ಬರುವ 14ರಿಂದ 16 ವಯಸ್ಸಿನವರಲ್ಲಿ ಸ್ವಂತ ಫೋನ್ ಇರುವುದು ಹುಡುಗರಲ್ಲಿ ಶೇ 36.2 ಮಂದಿಗೆ, ಹುಡುಗಿಯರಲ್ಲಿ ಶೇ 26.9 ಮಂದಿಗೆ. ನಿಯಮ ಹಾಕದೆ ಬಿಟ್ಟರೆ ಮನೆಯ ಈ ಅಂತರವೇ ತರಗತಿಗೂ ನಡೆದು ಬರುತ್ತದೆ.

ವೇಗಕ್ಕೆ ಬಿದ್ದ ಅಂಕ

ಹೆಸರಾದ ಕ್ವಿಜ್ ಆಟಗಳಲ್ಲಿ ಪೈಪೋಟಿ ಮೊದಲೇ ಕೂತಿರುತ್ತದೆ. ನಾರ್ವೆಯ ಕಹೂಟ್‌ನ ಮಾಮೂಲಿ ಆಟದಲ್ಲಿ ಸರಿ ಉತ್ತರಕ್ಕೆ ಗರಿಷ್ಠ 1000 ಅಂಕ. ಆದರೆ ತಡವಾದಷ್ಟೂ ಅಂಕ ಇಳಿಯುತ್ತದೆ, ಕೊನೆಯ ಕ್ಷಣದಲ್ಲಿ ಸರಿ ಒತ್ತಿದರೆ ಹೆಚ್ಚುಕಡಿಮೆ ಅರ್ಧ. ಪ್ರಶ್ನೆಗೆ 20 ಸೆಕೆಂಡ್ ಇದ್ದು, 2 ಸೆಕೆಂಡಿನಲ್ಲಿ ಒತ್ತಿದರೆ 950 ಅಂಕ. 16 ಸೆಕೆಂಡ್ ಯೋಚಿಸಿ ಒತ್ತಿದರೆ 600.

ಈಗ ಎರಡು ತಂಡಗಳನ್ನು ನೋಡಿ. ಒಂದರಲ್ಲಿ ಚುರುಕಾದ ಒಬ್ಬ ಹುಡುಗ ಯಾರನ್ನೂ ಕೇಳದೆ 2 ಸೆಕೆಂಡಿಗೆ ಒತ್ತುತ್ತಾನೆ. ನಾಲ್ಕರಲ್ಲಿ ಮೂರು ಸರಿ, ಅಂಕ 2850. ಇನ್ನೊಂದರಲ್ಲಿ ಮಕ್ಕಳು ಮಾತಾಡಿಕೊಂಡು 16 ಸೆಕೆಂಡಿಗೆ ಒತ್ತುತ್ತಾರೆ. ನಾಲ್ಕಕ್ಕೆ ನಾಲ್ಕೂ ಸರಿ, ಅಂಕ 2400. ಸತತ ಸರಿಗೆ ಸಿಗುವ ಹೆಚ್ಚುವರಿ ಅಂಕವನ್ನು ಬದಿಗಿಟ್ಟರೆ, ಎಲ್ಲವನ್ನೂ ಸರಿ ಮಾಡಿದ ತಂಡ ಸೋಲುತ್ತದೆ. ಮುಂದಿನ ಸಲ ಆ ತಂಡ ಏನು ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ‘ಏಯ್, ನೀನೇ ಒತ್ತೋ, ಟೈಮ್ ಆಗುತ್ತೆ’ ಎಂದು ಫೋನನ್ನು ಬಲ್ಲವನ ಕೈಗೆ ಕೊಡುತ್ತದೆ. ಚರ್ಚೆಗೆಂದು ಹಂಚಿದ ಫೋನೇ ಚರ್ಚೆಯನ್ನು ಮುಗಿಸಿಬಿಡುತ್ತದೆ.

ಕನ್ನಡ ಮಾಧ್ಯಮದ ಮಗುವಿಗೆ ಇನ್ನೊಂದು ತೊಡಕೂ ಇದೆ. ಮೂರು ಸಾಲಿನ ಲೆಕ್ಕದ ಪ್ರಶ್ನೆಯನ್ನು ಓದಿ ಅರ್ಥ ಮಾಡಿಕೊಳ್ಳುವುದಕ್ಕೇ 20 ಸೆಕೆಂಡ್ ಸಾಲದು. ಆಗ ಆಟ ಅಳೆಯುವುದು ಗಣಿತವನ್ನಲ್ಲ, ಓದುವ ವೇಗವನ್ನು.

ಆಟದ ಪರವಾದವರಿಗೆ ಇಲ್ಲಿ ಒಂದು ನ್ಯಾಯವಾದ ಉತ್ತರವಿದೆ: ಇದು ಆಟದ ತಪ್ಪಲ್ಲ, ಮೊದಲೇ ಇಟ್ಟಿರುವ ಸೆಟ್ಟಿಂಗ್‌ನ ತಪ್ಪು. ಪ್ರಶ್ನೆಯ ಸಮಯವನ್ನು ನಿಮಿಷಗಟ್ಟಲೆ ಹೆಚ್ಚಿಸಬಹುದು, ಅಂಕವೇ ಇಲ್ಲದ ಪ್ರಶ್ನೆಯನ್ನೂ ಇಡಬಹುದು. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಈಗ ವೇಗ್ರೌಂಡ್ ಎಂದು ಹೆಸರು ಬದಲಿಸಿಕೊಂಡಿರುವ ಕ್ವಿಜಿಜ್‌ನಲ್ಲಿ ಪ್ರತಿ ತಂಡ ತನ್ನ ಗತಿಯಲ್ಲಿ ಮುಂದೆ ಹೋಗಲು ಬರುತ್ತದೆ. ಪ್ರಶ್ನೆ ಆಯಾ ಫೋನಿನಲ್ಲೇ ಮೂಡುವುದರಿಂದ ಪ್ರೊಜೆಕ್ಟರ್ ಬೇಡ. ಉತ್ತರ ಒಪ್ಪತಕ್ಕದ್ದೇ. ಆದರೆ ಆ ಸೆಟ್ಟಿಂಗ್ ಹುಡುಕಿ ಬದಲಿಸುವ ಶಿಕ್ಷಕರಿದ್ದಾಗ ಮಾತ್ರ ಅದಕ್ಕೆ ಅರ್ಥ. ಪೈಪೋಟಿ ತೆಗೆದರೆ ಆಟದ ಕಳೆ ಅರ್ಧಕ್ಕೆ ಇಳಿಯುತ್ತದೆ ಎಂಬುದನ್ನೂ ಒಪ್ಪಬೇಕು.

ಡೇಟಾದ ಲೆಕ್ಕ

ಡೇಟಾ ಸಾಲದು ಎಂಬುದು ಎಲ್ಲರೂ ಮೊದಲು ಎತ್ತುವ ಆಕ್ಷೇಪ. ನೋಡಿದರೆ ಅದು ಅಷ್ಟು ದೊಡ್ಡದಲ್ಲ. ಬರೀ ಅಕ್ಷರದ ಪ್ರಶ್ನೆ, ನಾಲ್ಕು ಆಯ್ಕೆ ಅಂದರೆ ಕೆಲವೇ ಕೆಬಿ. ಆ್ಯಪ್ ಇಳಿಸಿಕೊಳ್ಳುವುದು, ಮೊದಲ ಸಲ ಪುಟ ತೆರೆಯುವುದು, ಚಿತ್ರಗಳು, ಹಿನ್ನೆಲೆ ಸಂಗೀತ ಇವೇ ಡೇಟಾ ತಿನ್ನುವುದು. ಪಠ್ಯಪುಸ್ತಕದ ಚಿತ್ರವನ್ನು ಫೋನಿನಲ್ಲಿ ಫೋಟೊ ತೆಗೆದು ಹಾಗೇ ಹಾಕಿದರೆ ಒಂದೊಂದು 3 ಎಂಬಿ ಆಗಬಹುದು. ಗಾತ್ರ ಇಳಿಸದಿದ್ದರೆ ಹತ್ತು ಪ್ರಶ್ನೆಗೆ, ನಾಲ್ಕು ಫೋನಿಗೆ 120 ಎಂಬಿ. ಅದೇ ಚಿತ್ರವನ್ನು ಕರಿಹಲಗೆಯ ಮೇಲೆ ಬರೆದು ‘ಚಿತ್ರ ನೋಡಿ ಉತ್ತರಿಸಿ’ ಅಂದರೆ ಸೊನ್ನೆ.

ಕಾಣದ ಸೋರಿಕೆ ಬೇರೆ ಕಡೆ ಇರುತ್ತದೆ. ಮೇಷ್ಟ್ರ ಫೋನಿನ ಹಾಟ್‌ಸ್ಪಾಟ್‌ಗೆ ಉಳಿದ ಮೂರು ಫೋನ್ ಸೇರಿಸಿದಾಗ ಆ ಫೋನುಗಳಿಗೆ ಅದು ವೈಫೈ ಆಗಿ ಕಾಣುತ್ತದೆ. ‘ವೈಫೈ ಸಿಕ್ಕಾಗ ಮಾಡು’ ಎಂದು ಹೇಳಿಟ್ಟ ಕೆಲಸಗಳೆಲ್ಲ, ಅಂದರೆ ಆ್ಯಪ್ ಅಪ್‌ಡೇಟ್, ಫೋಟೊ ಬ್ಯಾಕಪ್, ವಾಟ್ಸ್‌ಆ್ಯಪ್ ವಿಡಿಯೊ ಇಳಿಸುವುದು, ಅಲ್ಲಿ ಶುರುವಾಗಬಹುದು. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಹಳೆಯ ಫೋನಾದರೆ ಅಪ್‌ಡೇಟ್‌ಗಳು ಸಾಲುಗಟ್ಟಿ ಕಾದಿರುತ್ತವೆ. ಇದಕ್ಕೆ ಉಪಾಯ ಸುಲಭ. ಸೇರುವ ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ ಆ ಹಾಟ್‌ಸ್ಪಾಟನ್ನು ‘ಮೀಟರ್ಡ್’ ಎಂದು ಗುರುತಿಸಬೇಕು, ಡೇಟಾ ಸೇವರ್ ಹಾಕಬೇಕು, ಪ್ಲೇ ಸ್ಟೋರ್‌ನ ತಂತಾನೇ ಅಪ್‌ಡೇಟ್ ಆಗುವುದನ್ನು ನಿಲ್ಲಿಸಬೇಕು. ಪಾಠಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಮೇಷ್ಟ್ರ ಫೋನಿನ ಡೇಟಾ ಬಳಕೆಯ ಅಂಕಿ ಬರೆದಿಟ್ಟುಕೊಂಡರೆ ಆಟಕ್ಕೆ ನಿಜವಾಗಿ ಎಷ್ಟು ಹೋಯಿತು ಎಂಬುದು ಮೊದಲ ದಿನವೇ ಗೊತ್ತಾಗುತ್ತದೆ.

ಡೇಟಾಕ್ಕಿಂತ ಹೆಚ್ಚು ಕಾಡುವುದು ಸಿಗ್ನಲ್. ಎಲ್ಲರೂ ಒಟ್ಟಿಗೆ ಆಡುವ ಆಟ ಒಂದು ಕಡ್ಡಿ ನೆಟ್‌ವರ್ಕ್‌ನಲ್ಲಿ ತಡವರಿಸುತ್ತದೆ. ಒಂದು ತಂಡಕ್ಕೆ ಪ್ರಶ್ನೆ ತಡವಾಗಿ ಬರುತ್ತದೆ, ಇನ್ನೊಂದು ತಂಡದ ಉತ್ತರ ಹೋಗುವುದೇ ಇಲ್ಲ. ಪೈಪೋಟಿ ಇದ್ದರಂತೂ ಅದೇ ಜಗಳಕ್ಕೆ ಮೂಲ. ಇಂಟರ್ನೆಟ್ ಇಲ್ಲದೆಯೂ ಸ್ಥಳೀಯ ವೈಫೈ ಮೇಲೆ ಓಡುವ ಕೊಲಿಬ್ರಿಯಂಥ ತಂತ್ರಾಂಶಗಳಿವೆ. ಒಂದು ಲ್ಯಾಪ್‌ಟಾಪ್‌ನಲ್ಲಿ ಹಾಕಿಟ್ಟರೆ ಸುತ್ತಲಿನ ಫೋನುಗಳು ಅದರಿಂದಲೇ ಪ್ರಶ್ನೆ ಪಡೆಯುತ್ತವೆ. ಆದರೆ ಅದನ್ನು ಒಮ್ಮೆ ಕೂರಿಸಿಕೊಡುವವರು, ಕೆಟ್ಟಾಗ ಸರಿಮಾಡುವವರು ಬೇಕು.

ಇನ್ನು ಸಮಯ. ಪೀರಿಯಡ್ 40 ನಿಮಿಷ. ಫೋನ್ ಹಂಚಿ, ಹಾಟ್‌ಸ್ಪಾಟ್ ಸೇರಿಸಿ, ಕೋಡ್ ಹೊಡೆದು, ತಂಡದ ಹೆಸರು ಹಾಕುವಷ್ಟರಲ್ಲಿ ಮೊದಮೊದಲು ಹತ್ತು ನಿಮಿಷ ಸಲೀಸಾಗಿ ಹೋಗುತ್ತದೆ. ಒಂದು ಪ್ರಶ್ನೆಗೆ ವಿವರಣೆಯೂ ಸೇರಿ ಮೂರು ನಿಮಿಷ ಹಿಡಿದರೆ ಉಳಿದ ಹೊತ್ತಿಗೆ ಹತ್ತು ಪ್ರಶ್ನೆ. ಕರಿಹಲಗೆ ನೆಚ್ಚಿದವರು ‘ಆ ಹತ್ತು ನಿಮಿಷದಲ್ಲಿ ನಾನು ಮೂರು ಪ್ರಶ್ನೆ ಜಾಸ್ತಿ ಕೇಳುತ್ತಿದ್ದೆ’ ಎಂದರೆ ಅವರ ಲೆಕ್ಕ ತಪ್ಪಲ್ಲ.

ಒಂದು ಪ್ರಶ್ನೆ, ಎರಡು ಚಿತ್ರ

ಈ ಎರಡೂ ಪಕ್ಷವನ್ನು ಒಂದು ಪ್ರಶ್ನೆಯ ಮೇಲೆ ಇಟ್ಟು ನೋಡೋಣ. ದಶಮಾಂಶ ಪಾಠ ಮುಗಿದಿದೆ. ಪ್ರಶ್ನೆ ಇದು: ಇವುಗಳಲ್ಲಿ ಅತಿ ದೊಡ್ಡ ಸಂಖ್ಯೆ ಯಾವುದು? ಎ) 0.5, ಬಿ) 0.45, ಸಿ) 0.405, ಡಿ) 0.0455.

ತಪ್ಪು ಆಯ್ಕೆಗಳನ್ನು ಸುಮ್ಮನೆ ತುಂಬಿಲ್ಲ. ಬಿಂದುವಿನ ಮುಂದಿನದನ್ನು ಪೂರ್ಣ ಸಂಖ್ಯೆಯಂತೆ ಓದುವ ಮಗು ‘ನಾನೂರ ಐವತ್ತೈದು ದೊಡ್ಡದು’ ಎಂದು ಡಿ ಆರಿಸುತ್ತದೆ. ಬಿಂದುವಿನ ಪಕ್ಕದ ಸೊನ್ನೆ ಬೆಲೆ ಇಳಿಸುತ್ತದೆ ಎಂಬಷ್ಟು ತಿಳಿದು, ಉಳಿದದ್ದರಲ್ಲಿ ಅದೇ ಹಳೆಯ ಲೆಕ್ಕ ಹಾಕುವ ಮಗು ಸಿ ಆರಿಸುತ್ತದೆ. ಹಾಗಾಗಿ ಯಾವ ತಪ್ಪಿಗೆ ಎಷ್ಟು ಮತ ಬಿತ್ತು ಎಂಬುದೇ ಮುಂದೆ ಏನು ಕಲಿಸಬೇಕು ಎಂದು ಹೇಳುತ್ತದೆ.

ನಾಲ್ಕು ಫೋನಿನಲ್ಲಿ, ಒಂಬತ್ತೊಂಬತ್ತು ಮಕ್ಕಳ ತಂಡದಲ್ಲಿ ಕೇಳಿದರೆ ಬರುವುದು ನಾಲ್ಕೇ ಉತ್ತರ. ಮೂರು ತಂಡ ಸರಿ, ಒಂದು ತಪ್ಪು ಎಂದುಕೊಳ್ಳಿ. ತೆರೆ ‘ಶೇ 75 ಸರಿ’ ಎನ್ನುತ್ತದೆ, ಮೇಷ್ಟ್ರು ನೆಮ್ಮದಿಯಿಂದ ಮುಂದಿನ ಪಾಠಕ್ಕೆ ಹೋಗುತ್ತಾರೆ. ಅದೇ 36 ಮಕ್ಕಳೂ ತಮ್ಮ ತಮ್ಮ ಸ್ಲೇಟಿನಲ್ಲಿ ಉತ್ತರ ಬರೆದು ಎತ್ತಿ ಹಿಡಿದಿದ್ದರೆ ಎ 17, ಬಿ 3, ಸಿ 5, ಡಿ 11 ಎಂದು ಕಾಣಬಹುದಿತ್ತು. ಸರಿ ಹೇಳಿದವರು ಅರ್ಧಕ್ಕೂ ಕಡಿಮೆ. ಪ್ರತಿ ತಂಡದಲ್ಲೂ ಬಲ್ಲವರು ಒಬ್ಬರಿದ್ದರೆ ಉಳಿದವರ ತಪ್ಪು ಅವರ ಬೆರಳಿನ ಹಿಂದೆ ಮರೆಯಾಗುತ್ತದೆ. ಶಿಕ್ಷಕರಿಗೆ ಮಾಹಿತಿ ಸಿಗುತ್ತದೆ ಎಂದು ಮೊದಲು ಹೇಳಿದ ಲಾಭ ಇಲ್ಲಿ ತಲೆಕೆಳಗಾಗುತ್ತದೆ. ಅಂಕಿಯೇನೋ ಬಂತು, ಆದರೆ ಅದು ತಂಡದ ಅಂಕಿ, ಮಗುವಿನದಲ್ಲ.

ಪ್ರಶ್ನೆಯಲ್ಲೂ ಒಂದು ಮಿತಿ ಇದೆ. ಅದಕ್ಕೆ ಫೋನಾಗಲಿ ಸ್ಲೇಟಾಗಲಿ ಕಾರಣವಲ್ಲ. ಕೆಲವು ಮಕ್ಕಳು ‘ಬಿಂದುವಿನ ಮುಂದೆ ಅಂಕೆ ಕಡಿಮೆ ಇದ್ದರೆ ಸಂಖ್ಯೆ ದೊಡ್ಡದು’ ಎಂದು ತಪ್ಪಾಗಿ ನಂಬಿರುತ್ತಾರೆ. ಅವರೂ 0.5 ಅನ್ನೇ ಆರಿಸುತ್ತಾರೆ, ಸರಿ ಅನ್ನಿಸಿಕೊಳ್ಳುತ್ತಾರೆ. ಅವರನ್ನು ಗುರುತಿಸಲು ಎರಡನೇ ಪ್ರಶ್ನೆ ಬೇಕು: 0.3, 0.384, 0.45, 0.04 ಇವುಗಳಲ್ಲಿ ದೊಡ್ಡದು ಯಾವುದು? ಅಂಕೆ ಕಡಿಮೆ ಇದ್ದದ್ದೇ ದೊಡ್ಡದು ಎನ್ನುವವರು 0.3ಕ್ಕೂ, ಅಂಕೆ ಹೆಚ್ಚಿದ್ದದ್ದು ದೊಡ್ಡದು ಎನ್ನುವವರು 0.384ಕ್ಕೂ ಹೋಗುತ್ತಾರೆ. 0.45 ಆರಿಸಿದವರಿಗೆ ವಿಷಯ ತಿಳಿದಿರುವ ಸಂಭವ ಹೆಚ್ಚು. ಇಂಥ ಜೋಡಿ ಪ್ರಶ್ನೆಗಳನ್ನು ಕಟ್ಟುವುದು ಕ್ವಿಜ್‌ನ ನಿಜವಾದ ಕೆಲಸ. ಆ್ಯಪ್‌ನಲ್ಲಿ ಸಿದ್ಧವಾಗಿ ಸಿಗುವ ಪ್ರಶ್ನೆಗಳ ಕಟ್ಟು ಎತ್ತಿಕೊಂಡರೆ ಇದು ಸಿಗುವ ಭರವಸೆ ಇಲ್ಲ.

ಈಗ ಫೋನಿನ ಪಾಲು. ಎರಡೂ ಪ್ರಶ್ನೆಗೆ ಸ್ಲೇಟಿನಲ್ಲಿ ಒಬ್ಬೊಬ್ಬರೇ ಉತ್ತರ ಬರೆದ ಮೇಲೆ, ಸರಿ ಯಾವುದೆಂದು ಹೇಳದೆ, ‘ಈಗ ತಂಡದಲ್ಲಿ ಮಾತಾಡಿ, ಒಂದೇ ಉತ್ತರಕ್ಕೆ ಬಂದು ಫೋನಿನಲ್ಲಿ ಒತ್ತಿ’ ಎಂದರೆ ಚಿತ್ರ ಬದಲಾಗುತ್ತದೆ. ಡಿ ಬರೆದವಳು ಎ ಬರೆದವನನ್ನು ‘ಅದು ಹೆಂಗೆ? ನನ್ನದರಲ್ಲಿ ನಾಲ್ಕು ಅಂಕೆ ಐತಲ್ಲ’ ಎಂದು ಕೇಳಬೇಕಾಗುತ್ತದೆ. ಅವನು 0.5000, 0.4500, 0.4050, 0.0455 ಎಂದು ಸೊನ್ನೆ ತುಂಬಿ ತೋರಿಸಬೇಕಾಗುತ್ತದೆ. ಈ ಮಾತುಕತೆಗೆ ಫೋನಿನ ತೀರ್ಪು ಒಂದು ಗುರಿ ಕೊಡುತ್ತದೆ. ಒತ್ತಿದ ಮೇಲೆ ಬದಲಿಸುವ ಹಾಗಿಲ್ಲ ಎಂಬ ಕಾರಣಕ್ಕೇ ಒತ್ತುವ ಮುಂಚೆ ವಾದ ಬಿಸಿಯೇರುತ್ತದೆ.

ಒಂದೇ ಫೋನು ಸಾಕೇ?

ಈ ಲೆಕ್ಕಾಚಾರದಲ್ಲಿ ಮೂರನೆಯ ದಾರಿಯೊಂದಿದೆ. ಪ್ಲಿಕರ್ಸ್ ಎಂಬ ವ್ಯವಸ್ಥೆಯಲ್ಲಿ ಫೋನು ಶಿಕ್ಷಕರ ಬಳಿ ಮಾತ್ರ. ಪ್ರತಿ ಮಗುವಿಗೂ ಕಪ್ಪು-ಬಿಳಿ ಚೌಕಗಳ ವಿನ್ಯಾಸವಿರುವ ಒಂದು ಕಾಗದದ ಕಾರ್ಡು. ಅದರ ಯಾವ ಬದಿ ಮೇಲಿದೆ ಎಂಬುದರ ಮೇಲೆ ಎ, ಬಿ, ಸಿ, ಡಿ. ಮೇಷ್ಟ್ರು ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಹಾಯಿಸಿದರೆ ಪ್ರತಿ ಕಾರ್ಡಿನ ಉತ್ತರ ದಾಖಲಾಗುತ್ತದೆ. ಒಬ್ಬೊಬ್ಬರ ವಿನ್ಯಾಸ ಬೇರೆಯಾದ್ದರಿಂದ ಪಕ್ಕದವರದ್ದನ್ನು ನೋಡಿ ತಿರುಗಿಸಿದರೆ ಪ್ರಯೋಜನವಿಲ್ಲ. ಹಾಟ್‌ಸ್ಪಾಟ್ ಬೇಡ, ಹಾಳೆಗೆ ಎರಡು ರೂಪಾಯಿಯಂತೆ ಜೆರಾಕ್ಸ್ ಮಾಡಿಸಿದರೆ 36 ಕಾರ್ಡಿಗೆ 72 ರೂಪಾಯಿ. ತೊಡಕು ಇಲ್ಲದಿಲ್ಲ. ಹೊಳೆಯುವ ಲ್ಯಾಮಿನೇಷನ್ ಮಾಡಿಸಿದರೆ ಕಿಟಕಿಯ ಬೆಳಕು ಪ್ರತಿಫಲಿಸಿ ಕ್ಯಾಮೆರಾ ಓದುವುದಿಲ್ಲ. ಮಗುವಿನ ಬೆರಳು ವಿನ್ಯಾಸದ ಮೇಲೆ ಬಿದ್ದರೂ ಅಷ್ಟೇ.

ಸ್ಲೇಟು ನೆಚ್ಚಿದವರು ಇಲ್ಲಿಗೂ ನಿಲ್ಲುವುದಿಲ್ಲ: ಕಾರ್ಡು ಸಾಕಾದರೆ ಕ್ಯಾಮೆರಾ ಯಾಕೆ? ಅವರ ಬೆನ್ನಿಗೂ ಸಾಕ್ಷ್ಯವಿದೆ. ಕೆನಡಾದ ನಥಾನಿಯಲ್ ಲಾಸ್ರಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಜೂರ್ ಪದ್ಧತಿಯನ್ನೇ ಕಾಲೇಜಿನ ಒಂದು ವಿಭಾಗಕ್ಕೆ ಎಲೆಕ್ಟ್ರಾನಿಕ್ ಕ್ಲಿಕ್ಕರ್ ಕೊಟ್ಟು, ಇನ್ನೊಂದಕ್ಕೆ ಬರೀ ಫ್ಲ್ಯಾಶ್‌ಕಾರ್ಡ್ ಕೊಟ್ಟು ನಡೆಸಲಾಯಿತು. ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಲಿಸಿದ್ದು ಪದ್ಧತಿ, ಉಪಕರಣವಲ್ಲ. ಆದರೆ ಉಪಕರಣಕ್ಕೆ ಬೇರೆ ಉಪಯೋಗವಿದೆ. ಎತ್ತಿದ ಸ್ಲೇಟನ್ನು ಅರ್ಧ ನಿಮಿಷದಲ್ಲಿ ಎಣಿಸುವುದು ಕಷ್ಟ, ಮರುದಿನಕ್ಕೆ ನೆನಪಿಡುವುದು ಇನ್ನೂ ಕಷ್ಟ. ಯಾವ ಮಗು ಯಾವ ತಪ್ಪನ್ನು ಮೂರು ವಾರದಿಂದ ಮಾಡುತ್ತಿದೆ ಎಂಬ ದಾಖಲೆ ಬೇಕಾದಾಗ ಫೋನು ತನ್ನ ಬೆಲೆ ತೋರಿಸುತ್ತದೆ.

ತೂಗಿದ ಮೇಲೆ

ಎಲ್ಲ ತೂಗಿ ನೋಡಿದರೆ ನನ್ನ ತೀರ್ಮಾನ ಇಷ್ಟು. ಪ್ರತಿ ಮಗುವಿಗೆ ಏನು ಗೊತ್ತು ಎಂದು ತಿಳಿಯಬೇಕಾದರೆ ಹಂಚಿಕೊಂಡ ಫೋನು ಸರಿಯಾದ ಸಾಧನವಲ್ಲ. ಅದಕ್ಕೆ ಸ್ಲೇಟು ಅಥವಾ ಒಂದು ಫೋನು ಮತ್ತು ಕಾರ್ಡು ಮೇಲು. ಮಕ್ಕಳು ತಮ್ಮೊಳಗೆ ವಾದ ಮಾಡಿ ತಿದ್ದಿಕೊಳ್ಳಬೇಕಾದರೆ ಹಂಚಿಕೊಂಡ ಫೋನು ಒಳ್ಳೆಯ ಸಾಧನ, ಆದರೆ ನಾಲ್ಕು ನಿಯಮಗಳೊಂದಿಗೆ.

ಮೊದಲನೆಯದು, ಒಂದು ಫೋನಿಗೆ ಐದಕ್ಕಿಂತ ಹೆಚ್ಚು ಮಕ್ಕಳು ಬೇಡ. 36 ಮಕ್ಕಳಿದ್ದರೆ ಅರ್ಧ ತರಗತಿ ಫೋನಿನಲ್ಲಿ, ಅರ್ಧ ತರಗತಿ ಅದೇ ವಿಷಯದ ಲೆಕ್ಕ ಮಾಡುತ್ತ ಕೂರಲಿ, ಹದಿನೈದು ನಿಮಿಷಕ್ಕೆ ಅದಲುಬದಲಾಗಲಿ. ಶಿಕ್ಷಕರ ಗಮನ ಎರಡು ಕಡೆ ಹರಿಯುತ್ತದೆ, ಒಂದು ತಂಡಕ್ಕೆ ನಾಲ್ಕೈದು ಪ್ರಶ್ನೆ ಮಾತ್ರ ಸಿಗುತ್ತದೆ. ಆ ಬೆಲೆ ತೆರಲೇಬೇಕು. ಎರಡನೆಯದು, ಫೋನ್ ಹಿಡಿದ ಮಗು ಉತ್ತರ ಹೇಳುವಂತಿಲ್ಲ. ಉಳಿದವರು ಹೇಳಿದ್ದನ್ನು ಒತ್ತುವುದಷ್ಟೇ ಅದರ ಕೆಲಸ, ಪ್ರತಿ ಪ್ರಶ್ನೆಗೂ ಫೋನು ಕೈ ಬದಲಾಗಬೇಕು. ಮೂರನೆಯದು, ಸಮಯದ ಅಂಕ ಬಂದ್. ಪ್ರಶ್ನೆಗೆ ಕನಿಷ್ಠ ಒಂದೂವರೆ ನಿಮಿಷ. ನಾಲ್ಕನೆಯದು, ಮಕ್ಕಳ ಹೆಸರನ್ನು ಆ್ಯಪ್‌ಗೆ ಕೊಡದೆ ತುಂಗಾ, ಕಾವೇರಿ, ಶರಾವತಿ, ಕೃಷ್ಣಾ ಎಂದು ತಂಡದ ಹೆಸರು ಹಾಕಬೇಕು. ಫೋನು ಶಿಕ್ಷಕರದ್ದಾದರೆ ಸ್ಕ್ರೀನ್ ಪಿನ್ ಮಾಡಿಟ್ಟರೆ ಬ್ಯಾಂಕಿನ ಒಟಿಪಿ, ಮನೆಯ ಫೋಟೊ ಮಕ್ಕಳ ಕೈಗೆ ಹೋಗುವುದಿಲ್ಲ.

ಈ ನಾಲ್ಕನ್ನೂ ಪಾಲಿಸಲು ಆಗದ ತರಗತಿಯಲ್ಲಿ ಫೋನನ್ನು ಮೇಜಿನೊಳಗೇ ಇಟ್ಟು ಸ್ಲೇಟು ತೆಗೆಸುವುದು ಸೋಲಲ್ಲ. ಪಾಲಿಸಬಲ್ಲ ತರಗತಿಯಲ್ಲಿ ವಾರಕ್ಕೊಂದು ಪೀರಿಯಡ್ ಕೊಟ್ಟು ನೋಡಬಹುದು. ಎರಡರಲ್ಲೂ ಮೊದಲು ಮಾಡಬೇಕಾದ ಕೆಲಸ ಒಂದೇ, ಅದಕ್ಕೆ ಡೇಟಾ ಬೇಕಿಲ್ಲ: ಪ್ರತಿ ತಪ್ಪು ಉತ್ತರವೂ ಮಗುವಿನ ಯೋಚನೆಯನ್ನು ತೋರಿಸುವಂಥ ಎರಡು ಪ್ರಶ್ನೆಗಳನ್ನು ನಾಳೆಯ ಪಾಠಕ್ಕೆ ಇವತ್ತೇ ಬರೆದಿಟ್ಟುಕೊಳ್ಳಿ.